ಹನ್ನೆರಡು ಬಿಲ್ಲುಗಳು ಮತ್ತು ಒಂದು ಚಿಲ್ಲರ್: ಎನರ್ಜಿಪ್ಲಸ್ ಮಾದರಿಯ ಕ್ಯಾಲಿಬ್ರೇಷನ್ ಕುರಿತ ಉಪನ್ಯಾಸ

ಉಳಿತಾಯವನ್ನು ಅಳೆಯುವ ಮೀಟರ್ ಇಲ್ಲ. ಕಟ್ಟಡವೊಂದರಲ್ಲಿ ಹವಾನಿಯಂತ್ರಣಕ್ಕೆ ನೀರು ತಣಿಸಿಕೊಡುವ ಹಳೆಯ ಚಿಲ್ಲರ್ ತೆಗೆದು ಹೊಸದನ್ನು ಕೂರಿಸಿದ ಮೇಲೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದನ್ನು ಮೀಟರ್ ಹೇಳುತ್ತದೆ. ಹಳೆಯದೇ ಇದ್ದಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬುದನ್ನು ಹೇಳುವುದಿಲ್ಲ. ಈ ಎರಡನೆಯ ಸಂಖ್ಯೆಯನ್ನು ಲೆಕ್ಕದಿಂದಲೇ ಕಟ್ಟಿಕೊಳ್ಳಬೇಕು. ಆ ಲೆಕ್ಕಕ್ಕೆ ಕಟ್ಟಡದ ವಿದ್ಯುತ್ ಬಳಕೆಯನ್ನು ಅನುಕರಿಸುವ ಎನರ್ಜಿಪ್ಲಸ್ ತಂತ್ರಾಂಶದ ಮಾದರಿಯನ್ನು ಬಳಸುವವರು ಮೊದಲು ಮಾದರಿಯನ್ನು ಒಂದು ವರ್ಷದ ಬಿಲ್ಲುಗಳಿಗೆ ಹೋಲಿಸಿ, ಅದರ ಒಳಸಂಖ್ಯೆಗಳನ್ನು ತಿದ್ದಿ ಹೊಂದಿಸುತ್ತಾರೆ. ಇದನ್ನೇ ಕ್ಯಾಲಿಬ್ರೇಷನ್ ಎನ್ನುತ್ತೇವೆ. ಐಪಿಎಂವಿಪಿ ಎಂಬ ಅಂತಾರಾಷ್ಟ್ರೀಯ ಮಾಪನ ಪದ್ಧತಿಯಲ್ಲಿ ಇದು ‘ಆಯ್ಕೆ ಡಿ’. ಮಾದರಿ ಬಿಲ್ಲಿಗೆ ಎಷ್ಟು ಹತ್ತಿರವಿರಬೇಕು ಎಂಬುದಕ್ಕೆ ಹೆಚ್ಚಿನವರು ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಮಾರ್ಗಸೂಚಿ 14ರ ಮಿತಿಗಳನ್ನು ಉಲ್ಲೇಖಿಸುತ್ತಾರೆ.

ಮಾದರಿ ಆ ಮಿತಿಯೊಳಗೆ ಬಂತೆಂದ ಮಾತ್ರಕ್ಕೆ ಅದರಿಂದ ಹೊರಟ ಉಳಿತಾಯದ ಸಂಖ್ಯೆ ನಂಬಿಕೆಗೆ ಅರ್ಹವಾಗುವುದಿಲ್ಲ ಎಂಬುದೇ ಇಂದು ನಾನು ಹೇಳಬೇಕಾದ ಮಾತು. ಬೆಂಗಳೂರಿನಂಥ ಸೌಮ್ಯ ಹವೆಯ ಊರಿನಲ್ಲಂತೂ ಇದು ವಿಶೇಷವಾಗಿ ನಿಜ. ಏಕೆಂಬುದನ್ನು ತೋರಿಸಲು ಲೆಕ್ಕಕ್ಕೆಂದೇ ರೂಪಿಸಿದ ಕಟ್ಟಡವೊಂದನ್ನು ತೆಗೆದುಕೊಳ್ಳುತ್ತೇನೆ. ಸಂಖ್ಯೆಗಳು ಉದಾಹರಣೆಯವು, ಆದರೆ ಇಂಥ ಕಟ್ಟಡಗಳ ಸ್ವಭಾವಕ್ಕೆ ಹೊಂದುವಂತೆ ಆರಿಸಿದವು.

ಬೆಂಗಳೂರಿನಲ್ಲಿ ಸುಮಾರು ಹತ್ತು ಸಾವಿರ ಚದರ ಮೀಟರಿನ ಕಚೇರಿ ಕಟ್ಟಡ. 11 ಕೆವಿ ಸಂಪರ್ಕ, ಸ್ವಂತ ಟ್ರಾನ್ಸ್‌ಫಾರ್ಮರ್, ನೀರಿನಿಂದ ತಣಿಯುವ ಹಳೆಯ ಚಿಲ್ಲರ್, ಎರಡು ನೆಲಮಾಳಿಗೆಗಳು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹನ್ನೆರಡು ತಿಂಗಳ ಬಳಕೆ, ಸಾವಿರ ಯೂನಿಟ್ಟುಗಳಲ್ಲಿ, ಹೀಗಿದೆ: 142, 140, 126, 122, 121, 122, 122, 112, 110, 113, 118, 140. ಒಟ್ಟು 14,88,000 ಯೂನಿಟ್. ತಿಂಗಳ ಸರಾಸರಿ 1,24,000. ಅತಿ ಹೆಚ್ಚಿನ ಏಪ್ರಿಲ್‌ಗೂ ಅತಿ ಕಡಿಮೆಯ ಡಿಸೆಂಬರ್‌ಗೂ ನಡುವಿನ ಅಂತರ 32,000 ಯೂನಿಟ್ ಮಾತ್ರ. ಉಳಿದದ್ದು ವರ್ಷವಿಡೀ ಒಂದೇ ಮಟ್ಟದಲ್ಲಿ ಹರಿಯುವ ಬಳಕೆ. ಈ ಅಂಶವನ್ನು ನೆನಪಿನಲ್ಲಿಡಿ. ಮುಂದಿನ ತೊಡಕೆಲ್ಲ ಇದರಿಂದಲೇ ಹುಟ್ಟುತ್ತದೆ.

ಈ ಹನ್ನೆರಡು ಸಂಖ್ಯೆಗಳು ಬೆಸ್ಕಾಂ ಬಿಲ್ಲಿನಿಂದ ನೇರವಾಗಿ ಬಂದವಲ್ಲ. ಬಿಲ್ಲು ಗ್ರಿಡ್‌ನಿಂದ ಬಂದ ವಿದ್ಯುತ್ತನ್ನಷ್ಟೇ ಹೇಳುತ್ತದೆ, ಕಟ್ಟಡ ಬಳಸಿದ್ದನ್ನಲ್ಲ. ವಿದ್ಯುತ್ ಕಡಿತದ ಹೊತ್ತಿನಲ್ಲಿ ಡೀಸೆಲ್ ಜನರೇಟರ್ ಕೊಟ್ಟ ಯೂನಿಟ್ಟುಗಳನ್ನು ಜನರೇಟರಿನ ಸ್ವಂತ ಮೀಟರಿನಿಂದ ತೆಗೆದು ಕೂಡಿಸಬೇಕು. ಚಾವಣಿಯಲ್ಲಿ ಸೌರಫಲಕಗಳಿದ್ದರೆ ಅವುಗಳ ಉತ್ಪಾದನೆಯನ್ನು ಕೂಡಿಸಿ, ಗ್ರಿಡ್‌ಗೆ ಮರಳಿ ಹೋದದ್ದನ್ನು ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ ಏಪ್ರಿಲ್‌ನ 1,42,000ದಲ್ಲಿ 7,000 ಯೂನಿಟ್ ಜನರೇಟರಿನದು ಎಂದುಕೊಳ್ಳೋಣ. ಇದನ್ನು ಬಿಟ್ಟರೆ ವರ್ಷದ ಮೊತ್ತದಲ್ಲಿ ಆಗುವ ತಪ್ಪು ಅರ್ಧ ಶೇಕಡಾಕ್ಕಿಂತ ಕಡಿಮೆ. ಆದರೆ ಕಡಿತಗಳು ಹೆಚ್ಚುವುದು ಬೇಸಿಗೆಯಲ್ಲಿ, ಸೌರ ಉತ್ಪಾದನೆ ಏರುವುದೂ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ನಿರಭ್ರ ದಿನಗಳಲ್ಲಿ. ಎರಡೂ ಸೇರಿ ಬೇಸಿಗೆಯ ಏರಿಕೆಯನ್ನೇ ತಗ್ಗಿಸಿಬಿಡುತ್ತವೆ. ಕಟ್ಟಡ ಬಿಸಿಲಿಗೆ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ನಮ್ಮ ಬಳಿ ಇರುವ ಏಕೈಕ ಸುಳಿವು ಆ 32,000 ಯೂನಿಟ್ಟಿನ ಅಂತರ. ಏಪ್ರಿಲ್‌ನ 7,000 ಬಿಟ್ಟರೆ ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಗುತ್ತದೆ.

ದಿನಾಂಕಗಳ ವಿಷಯವೂ ಇದೆ. ಮೀಟರ್ ಓದುವ ದಿನ ತಿಂಗಳ ಕೊನೆಯ ದಿನವೇ ಆಗಬೇಕೆಂದಿಲ್ಲ. ಬಿಲ್ಲಿನ ಅವಧಿಗೂ ಕ್ಯಾಲೆಂಡರ್ ತಿಂಗಳಿಗೂ ಎರಡು ಕೆಲಸದ ದಿನಗಳ ವ್ಯತ್ಯಾಸವಾದರೆ, ಇಪ್ಪತ್ತೆರಡು ಕೆಲಸದ ದಿನಗಳ ತಿಂಗಳಲ್ಲಿ ಅದೇ ಶೇಕಡಾ 9ರಷ್ಟು ದಿನಗಳು. ಆದ್ದರಿಂದ ಎನರ್ಜಿಪ್ಲಸ್‌ನಿಂದ ತಿಂಗಳ ಮೊತ್ತವನ್ನು ಕೇಳದೆ ಗಂಟೆಯ ಲೆಕ್ಕವನ್ನು ಪಡೆದು, ಬಿಲ್ಲಿನ ದಿನಾಂಕಗಳ ಪ್ರಕಾರ ನಾವೇ ಕೂಡಿಸಿಕೊಳ್ಳುವುದು ಸರಿ.

```
Output:Meter,Electricity:Facility,Hourly;
Output:Meter,Cooling:Electricity,Hourly;
Output:Meter,Fans:Electricity,Hourly;
Output:Meter,Pumps:Electricity,Hourly;
Output:Meter,HeatRejection:Electricity,Hourly;
```

ಮೊದಲ ಸಾಲು ಕಟ್ಟಡದ ಒಟ್ಟು ಬಳಕೆ. ಎರಡನೆಯದು, ನಮ್ಮ ಕಟ್ಟಡದ ಮಟ್ಟಿಗೆ, ಚಿಲ್ಲರಿನ ಕಂಪ್ರೆಸರ್ ತಿಂದದ್ದು ಮಾತ್ರ. ಫ್ಯಾನು, ಪಂಪು, ಕೂಲಿಂಗ್ ಟವರುಗಳು ಅದರಲ್ಲಿ ಸೇರಿಲ್ಲ. ಚಿಲ್ಲರ್ ಬದಲಾವಣೆಯ ಉಳಿತಾಯ ಹೊರಡುವುದು ಮುಖ್ಯವಾಗಿ ಈ ಎರಡನೆಯ ಸಾಲಿನಿಂದ. ‘ಎಸಿ ಬಳಕೆ’ ಎಂದು ಎಲ್ಲವನ್ನೂ ಒಟ್ಟಿಗೆ ಹಿಡಿದು ಅದರ ಮೇಲೆ ಶೇಕಡಾ ಲೆಕ್ಕ ಹಾಕಿದ ವರದಿಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಹವಾಮಾನದ ಕಡತದ ಬಗ್ಗೆ ಎರಡೇ ಮಾತು. ವಿನ್ಯಾಸಕ್ಕೆ ಬಳಸುವ ‘ಮಾದರಿ ವರ್ಷ’ದ ಕಡತದಲ್ಲಿ ಬೇರೆ ಬೇರೆ ವರ್ಷಗಳಿಂದ ಆಯ್ದ ತಿಂಗಳುಗಳಿರುತ್ತವೆ, ಅದನ್ನು ಹಾಕಿ ಓಡಿಸಿದ ಮಾದರಿಯನ್ನು ಒಂದು ನಿರ್ದಿಷ್ಟ ವರ್ಷದ ಬಿಲ್ಲಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಬಿಲ್ಲಿನ ಅವಧಿಯ ನಿಜವಾದ ಉಷ್ಣಾಂಶ, ತೇವಾಂಶ, ಸೌರವಿಕಿರಣಗಳಿಂದ ಕಡತ ತಯಾರಿಸಿ, `RunPeriod` ವಸ್ತುವಿನಲ್ಲಿ ವರ್ಷವನ್ನೂ ನಮೂದಿಸಬೇಕು. ಇಲ್ಲದಿದ್ದರೆ ಭಾನುವಾರಗಳು ತಪ್ಪು ದಿನಾಂಕಕ್ಕೆ ಬೀಳುತ್ತವೆ. ಯುಗಾದಿ, ದಸರಾ, ದೀಪಾವಳಿ, ರಾಜ್ಯೋತ್ಸವದ ರಜೆಗಳನ್ನು `RunPeriodControl:SpecialDays` ಮೂಲಕ ನಾವೇ ತಿಳಿಸಬೇಕು.

ಇನ್ನು ಮಾರ್ಗಸೂಚಿಯ ಪರೀಕ್ಷೆಗೆ ಬರೋಣ. ಅದರಲ್ಲಿ ಎರಡು ಸೂಚ್ಯಂಕಗಳಿವೆ. ಕೆಳಗಿನ ಸೂತ್ರಗಳಲ್ಲಿ m ಎಂಬುದು ಮೀಟರಿನ ಸಂಖ್ಯೆ, s ಮಾದರಿಯ ಸಂಖ್ಯೆ, n ತಿಂಗಳುಗಳು, m̄ ಮೀಟರಿನ ಸರಾಸರಿ.

```
NMBE     = 100 × Σ(m − s) / ((n − 1) × m̄)
CV(RMSE) = 100 × √( Σ(m − s)² / (n − 1) ) / m̄
```

ಮೊದಲನೆಯದು ವರ್ಷದ ಮೊತ್ತದಲ್ಲಿನ ವಾಲುವಿಕೆ. ಎರಡನೆಯದು ತಿಂಗಳು ತಿಂಗಳಿನ ತಪ್ಪಿನ ಗಾತ್ರ. ಮಾಸಿಕ ದತ್ತಾಂಶಕ್ಕೆ ಮೊದಲನೆಯದು ಶೇಕಡಾ 5ರ ಆಚೀಚೆಯೊಳಗೆ, ಎರಡನೆಯದು ಶೇಕಡಾ 15ರೊಳಗೆ ಇರಬೇಕು. ಗಂಟೆವಾರು ದತ್ತಾಂಶಕ್ಕೆ ಈ ಮಿತಿಗಳು 10 ಮತ್ತು 30.

ಈಗ ಒಂದು ಪ್ರಯೋಗ ಮಾಡೋಣ. ಎನರ್ಜಿಪ್ಲಸ್ ಬೇಡ, ಕಟ್ಟಡದ ನಕ್ಷೆಯೂ ಬೇಡ. ಹನ್ನೆರಡೂ ತಿಂಗಳಿಗೆ 1,24,000 ಎಂದು ಬರೆದುಬಿಡುವುದೇ ನಮ್ಮ ‘ಮಾದರಿ’ ಎನ್ನೋಣ. ವರ್ಷದ ಮೊತ್ತ ಸರಿಯಾಗಿಯೇ ಇರುವುದರಿಂದ ಮೊದಲ ಸೂಚ್ಯಂಕ ಸೊನ್ನೆ. ಎರಡನೆಯದಕ್ಕೆ ಪ್ರತಿ ತಿಂಗಳ ವ್ಯತ್ಯಾಸದ ವರ್ಗಗಳನ್ನು ಕೂಡಿಸಿದರೆ 1,358 ಬರುತ್ತದೆ. ಅದನ್ನು 11ರಿಂದ ಭಾಗಿಸಿ ವರ್ಗಮೂಲ ತೆಗೆದರೆ 11.1, 124ರಿಂದ ಭಾಗಿಸಿದರೆ ಶೇಕಡಾ 9. ಮಿತಿ 15. ಗೋಡೆ, ಗಾಜು, ಜನ, ಚಿಲ್ಲರ್ ಯಾವುದನ್ನೂ ಅರಿಯದ ಒಂದು ಅಡ್ಡಗೆರೆ ಆಶ್ರೇ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಯಿತು.

ಇದು ಮಾರ್ಗಸೂಚಿಯ ದೋಷ ಎನ್ನುವುದಕ್ಕಿಂತ ನಾವು ಅದನ್ನು ಓದುವ ಕ್ರಮದ ದೋಷ ಎನ್ನುವುದು ನ್ಯಾಯ. ಚಳಿಗಾಲಕ್ಕೂ ಬೇಸಿಗೆಗೂ ಬಳಕೆ ಎರಡು ಮೂರು ಪಟ್ಟು ಬದಲಾಗುವ ಊರಿನಲ್ಲಿ ಶೇಕಡಾ 15ರೊಳಗೆ ಬರಬೇಕಾದರೆ ಮಾದರಿ ಹವಾಮಾನವನ್ನು ಸರಿಯಾಗಿ ಹಿಡಿಯಲೇಬೇಕು. ಅಡ್ಡಗೆರೆ ಅಲ್ಲಿ ನಪಾಸು. ಬೆಂಗಳೂರಿನಲ್ಲಿ ಹಾಗಲ್ಲ. ಆದ್ದರಿಂದ ಇಲ್ಲಿ ಕ್ಯಾಲಿಬ್ರೇಷನ್ ಮಾಡುವವರು ವರದಿಯಲ್ಲಿ ಅಡ್ಡಗೆರೆಯ ಸೂಚ್ಯಂಕವನ್ನೂ ಜೊತೆಗೆ ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅಡ್ಡಗೆರೆಗೆ 9, ನಿಮ್ಮ ಮಾದರಿಗೆ 8 ಎಂದಾದರೆ ನೀವು ಪಟ್ಟ ಶ್ರಮದಿಂದ ಹೊಸದಾಗಿ ತಿಳಿದದ್ದು ಬಹಳ ಕಡಿಮೆ.

ಸರಿ, ಶ್ರಮಪಟ್ಟು ಸೂಚ್ಯಂಕವನ್ನು 2ಕ್ಕೆ ಇಳಿಸಿದ್ದೇವೆ, ಏಪ್ರಿಲ್–ಡಿಸೆಂಬರ್ ಅಂತರವೂ ಹೊಂದಿದೆ ಎನ್ನೋಣ. ಈಗಲಾದರೂ ನಂಬಬಹುದೇ? ಇಲ್ಲಿಯೇ ನಿಜವಾದ ಕಷ್ಟ ಎದುರಾಗುವುದು. ಒಂದೇ ಕಟ್ಟಡಕ್ಕೆ ಇಬ್ಬರು ಎಂಜಿನಿಯರುಗಳು ಎರಡು ಮಾದರಿ ಕಟ್ಟಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಹಳೆಯ ಚಿಲ್ಲರ್ ತುಂಬಾ ಬಳಲಿದೆ, ಒಂದು ಟನ್ ತಂಪಿಗೆ 0.93 ಕಿಲೋವ್ಯಾಟ್ ತಿನ್ನುತ್ತದೆ, ಹೊರಗಾಳಿಯನ್ನು ಕಡಿಮೆ ಒಳಬಿಡುತ್ತಾರೆ ಎಂಬ ಊಹೆ. ಅದರ ಪ್ರಕಾರ ಚಿಲ್ಲರಿನ ವರ್ಷದ ಬಳಕೆ 4,20,000 ಯೂನಿಟ್. ಎರಡನೆಯದರಲ್ಲಿ ಚಿಲ್ಲರ್ ಅಷ್ಟೇನೂ ಕೆಟ್ಟಿಲ್ಲ, ಟನ್ನಿಗೆ 0.70, ಹೊರಗಾಳಿ ಹೆಚ್ಚು. ಅದರ ಬಳಕೆ 3,00,000. ಉಳಿದ 1,20,000 ಯೂನಿಟ್ ನೆಲಮಾಳಿಗೆಯ ಎಕ್ಸಾಸ್ಟ್ ಫ್ಯಾನುಗಳು, ಕೊಳಚೆನೀರು ಶುದ್ಧಿಮಾಡುವ ಎಸ್‌ಟಿಪಿಯ ಬ್ಲೋವರ್, ಯುಪಿಎಸ್ ನಷ್ಟ, ಟ್ರಾನ್ಸ್‌ಫಾರ್ಮರ್ ನಷ್ಟ ಇಂಥವುಗಳಲ್ಲಿ ಹಗಲಿರುಳೂ ಸಮನಾಗಿ ಹೋಗುತ್ತಿದೆ. ಇವೆರಡು ಮಾದರಿಗಳ ನಡುವಣ ವ್ಯತ್ಯಾಸ ತಿಂಗಳಿಗೆ 10,000 ಯೂನಿಟ್, ಪ್ರತಿ ತಿಂಗಳೂ ಅಷ್ಟೇ: ಒಂದು ಅದನ್ನು ಚಿಲ್ಲರಿನ ಖಾತೆಗೆ ಬರೆಯಿತು, ಇನ್ನೊಂದು ಬ್ಲೋವರಿನ ಖಾತೆಗೆ. ಒಟ್ಟು ಮಾತ್ರ ಒಂದೇ. ಬಿಲ್ಲಿಗೆ ಕಾಣುವುದು ಒಟ್ಟು ಮಾತ್ರ.

ಹೀಗಾಗುವುದಕ್ಕೆ ಕಾರಣ ಕಟ್ಟಡದ ಸ್ವಭಾವದಲ್ಲಿದೆ. ಚಿಲ್ಲರಿನ ಬಳಕೆಯಲ್ಲಿ ಎರಡು ಭಾಗಗಳಿವೆ. ಹೊರಗಿನ ಬಿಸಿಲು, ತೇವಾಂಶಗಳೊಂದಿಗೆ ಏರಿಳಿಯುವ ಭಾಗ ಒಂದು. ಜನ, ಕಂಪ್ಯೂಟರ್, ದೀಪಗಳ ಶಾಖವನ್ನು ಡಿಸೆಂಬರ್‌ನಲ್ಲೂ ಹೊರಹಾಕುತ್ತಿರಬೇಕಾದ ಭಾಗ ಇನ್ನೊಂದು. ಮೊದಲನೆಯದು ಬಿಲ್ಲುಗಳ ಏರಿಳಿತದಲ್ಲಿ ಗೋಚರಿಸುತ್ತದೆ. ಎರಡನೆಯದು ಸಮತಟ್ಟು, ಬಿಲ್ಲಿನ ಮಟ್ಟಿಗೆ ಅದಕ್ಕೂ ಹಗಲಿರುಳು ಓಡುವ ಬ್ಲೋವರಿಗೂ ಭೇದವಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಈ ಎರಡನೆಯ ಭಾಗವೇ ದೊಡ್ಡದು. ಹನ್ನೆರಡು ಸಂಖ್ಯೆಗಳಿಂದ ಅದನ್ನು ಬೇರ್ಪಡಿಸಲು ಯಾವ ಗಣಿತದಿಂದಲೂ ಆಗದು, ಏಕೆಂದರೆ ಬೇರ್ಪಡಿಸುವ ಮಾಹಿತಿಯೇ ಅವುಗಳಲ್ಲಿಲ್ಲ.

ಈಗ ಉಳಿತಾಯವನ್ನು ಲೆಕ್ಕ ಹಾಕಿ. ಹೊಸ ಚಿಲ್ಲರ್ ಟನ್ನಿಗೆ 0.56 ಕಿಲೋವ್ಯಾಟ್‌ನದು. ಮೊದಲ ಮಾದರಿಯ ಪ್ರಕಾರ ವರ್ಷಕ್ಕೆ 1,67,000 ಯೂನಿಟ್ ಉಳಿಯುತ್ತದೆ, ಒಟ್ಟು ಬಳಕೆಯ ಶೇಕಡಾ 11. ಎರಡನೆಯದರ ಪ್ರಕಾರ 60,000, ಶೇಕಡಾ 4. ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಎಂಟೂವರೆ ಲಕ್ಷದ ಅಂತರ; ಬಂಡವಾಳ ಮರಳುವ ಅವಧಿಯಲ್ಲಿ ಸುಮಾರು ಮೂರು ಪಟ್ಟಿನ ಅಂತರ. ಎರಡೂ ಮಾದರಿಗಳು ಮಾರ್ಗಸೂಚಿಗೆ ಒಪ್ಪಿಗೆಯಾದವು, ಎರಡರ ಸೂಚ್ಯಂಕವೂ 2ರ ಆಸುಪಾಸು. ಚಿಲ್ಲರ್ ಮಾರುವವರು ಯಾವುದನ್ನು ಹಿಡಿದುಕೊಂಡು ಬರುತ್ತಾರೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಕಂಪ್ಯೂಟರೇ ಸಾವಿರಾರು ಸಲ ಮಾದರಿ ಓಡಿಸಿ ಅತ್ಯುತ್ತಮ ಹೊಂದಾಣಿಕೆಯನ್ನು ಹುಡುಕಿದರೆ ಈ ತೊಂದರೆ ತಪ್ಪುವುದಿಲ್ಲವೇ ಎಂದು ಉಪನ್ಯಾಸದ ನಡುವೆ ಒಬ್ಬರು ಕೇಳಿದರು. ತಪ್ಪುವುದಿಲ್ಲ. ಅಂಥ ಹುಡುಕಾಟ ಎಲ್ಲಿಂದ ಆರಂಭವಾಯಿತೋ ಅದಕ್ಕೆ ಸಮೀಪದ ಉತ್ತರದಲ್ಲಿ ನಿಲ್ಲುತ್ತದೆ; ಸೂಚ್ಯಂಕ 1.9 ಬಂದದ್ದು 2.2 ಬಂದದ್ದಕ್ಕಿಂತ ಸತ್ಯಕ್ಕೆ ಹತ್ತಿರ ಎನ್ನಲು ಆಧಾರವಿಲ್ಲ. ಆಶ್ರೇಗಾಗಿ ಅಗಮಿ ರೆಡ್ಡಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2007ರಲ್ಲೇ ಇದನ್ನು ಗುರುತಿಸಿ, ಒಂದೇ ಮಾದರಿಯನ್ನು ಆರಿಸುವ ಬದಲು ಒಪ್ಪತಕ್ಕ ಹಲವು ಮಾದರಿಗಳನ್ನು ಉಳಿಸಿಕೊಂಡು, ಅವೆಲ್ಲ ಕೊಡುವ ಉಳಿತಾಯದ ವ್ಯಾಪ್ತಿಯನ್ನು ಹೇಳಬೇಕೆಂದು ಸೂಚಿಸಿತ್ತು. ಸ್ವಯಂಚಾಲಿತ ಹುಡುಕಾಟದ ನಿಜವಾದ ಉಪಯೋಗ ಅದೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಟ್ಟಡದಲ್ಲಿ ಆ ವ್ಯಾಪ್ತಿ 60,000ದಿಂದ 1,67,000. ಇಷ್ಟು ಅಗಲದ ಉತ್ತರ ಪ್ರಾಮಾಣಿಕವಾದದ್ದು, ಆದರೆ ಯಾರೂ ಅದರ ಮೇಲೆ ಹಣ ಹೂಡಲಾರರು. ಅದನ್ನು ಕಿರಿದಾಗಿಸಲು ಬಿಲ್ಲಿನಾಚೆಯ ಸಾಕ್ಷ್ಯ ಬೇಕು.

ಸಾಕ್ಷ್ಯಗಳಲ್ಲಿ ಮೊದಲನೆಯದು ಖರ್ಚಿಲ್ಲದೆ ಸಿಗುತ್ತದೆ. ಎಚ್‌ಟಿ ಸಂಪರ್ಕದ ಟ್ರೈವೆಕ್ಟರ್ ಮೀಟರ್ ತಿಂಗಳ ಮೊತ್ತದ ಜೊತೆಗೆ ಹದಿನೈದು ಅಥವಾ ಮೂವತ್ತು ನಿಮಿಷಗಳ ಲೋಡ್ ಸರ್ವೇಯನ್ನೂ, ಅಂದರೆ ಅಷ್ಟಷ್ಟು ಹೊತ್ತಿನ ಬಳಕೆಯ ದಾಖಲೆಯನ್ನೂ, ತನ್ನೊಳಗೆ ಇಟ್ಟುಕೊಂಡಿರುತ್ತದೆ. ಹಳೆಯದು ಅಳಿಸಿಹೋಗುವುದರಿಂದ ಅದನ್ನು ಆಗಾಗ ಇಳಿಸಿಕೊಳ್ಳಬೇಕು, ಅದಕ್ಕಾಗಿ ಅರ್ಜಿ ಹಾಕಿ ಓಡಾಡಬೇಕು, ಮಾಡುವವರು ಕಡಿಮೆ. ಅದರಲ್ಲಿ ಭಾನುವಾರ ಬೆಳಗಿನ ಜಾವ ಮೂರು ಗಂಟೆಯ ಸಂಖ್ಯೆಯನ್ನು ನೋಡಿ. ಚಿಲ್ಲರ್ ಆಗ ನಿಂತಿರುತ್ತದೆ, ಆದ್ದರಿಂದ ಉಳಿದದ್ದೆಲ್ಲ ಸಮತಟ್ಟಾದ ಹೊರೆ. ಮೊದಲ ಮಾದರಿ ಆ ಹೊತ್ತಿಗೆ 56 ಕಿಲೋವ್ಯಾಟ್ ಹೇಳುತ್ತದೆ. ಎರಡನೆಯದರ 1,20,000 ಯೂನಿಟ್ಟನ್ನು ವರ್ಷದ 8,760 ಗಂಟೆಗಳಿಗೆ ಹಂಚಿದರೆ ಸುಮಾರು 14 ಕಿಲೋವ್ಯಾಟ್ ಹೆಚ್ಚುವರಿ, ಅಂದರೆ ಅದು 70 ಹೇಳುತ್ತದೆ. ಮೀಟರ್ 67 ತೋರಿಸುತ್ತದೆ ಎನ್ನೋಣ. ಯಾವುದು ಸತ್ಯಕ್ಕೆ ಹತ್ತಿರ ಎಂಬುದು ಅರ್ಧ ತೀರ್ಮಾನವಾದಂತೆ.

ಇನ್ನರ್ಧಕ್ಕೆ ಚಿಲ್ಲರ್ ಪ್ಯಾನೆಲ್ಲಿನಲ್ಲಿ ಪವರ್ ಲಾಗರ್ ಕಟ್ಟಬೇಕು. ಎರಡು ವಾರ ಸಾಕು, ಆದರೆ ಆ ಎರಡು ವಾರ ಡಿಸೆಂಬರ್‌ನದಾಗಿರಬೇಕು. ಬೇಸಿಗೆಯಲ್ಲಿ ಅಳೆಯುವ ಹಂಬಲ ಎಲ್ಲರಿಗೂ ಇರುತ್ತದೆ, ಯಂತ್ರ ಆಗ ಜೋರಾಗಿ ಓಡುತ್ತಿರುತ್ತದೆಯಲ್ಲ. ಆದರೆ ಬಿಲ್ಲುಗಳಿಂದ ತಿಳಿಯದೆ ಉಳಿದದ್ದು ತಂಪು ತಿಂಗಳಲ್ಲೂ ನಿಲ್ಲದ ಭಾಗ, ಅದು ಬೆತ್ತಲಾಗಿ ಕಾಣುವುದು ಡಿಸೆಂಬರ್‌ನಲ್ಲಿ. ಮೊದಲ ಮಾದರಿಯಂತೆ ಡಿಸೆಂಬರ್‌ನಲ್ಲಿ ಚಿಲ್ಲರ್ ಕೆಲಸದ ದಿನವೊಂದಕ್ಕೆ ಸುಮಾರು 1,140 ಯೂನಿಟ್ ತಿನ್ನಬೇಕು, ಎರಡನೆಯದರಂತೆ 680. ಲಾಗರ್ 760 ಎಂದಿತೆನ್ನೋಣ. ಭಾನುವಾರದ 67 ಕಿಲೋವ್ಯಾಟ್‌ಗೂ ಇದಕ್ಕೂ ತಾಳೆಯಾಗುತ್ತದೆ: ಎರಡೂ ಸೇರಿ ಚಿಲ್ಲರಿನ ವರ್ಷದ ಬಳಕೆಯನ್ನು 3,22,000 ಯೂನಿಟ್ಟಿನ ಸುತ್ತ ನಿಲ್ಲಿಸುತ್ತವೆ.

ಉಳಿದದ್ದು ಹಳೆಯ ಯಂತ್ರದ ದಕ್ಷತೆ. ಪ್ಲಾಂಟ್ ರೂಮಿನ ಲಾಗ್‌ಬುಕ್‌ನಲ್ಲಿ ಆಪರೇಟರ್ ಗಂಟೆಗೊಮ್ಮೆ ಬರೆದಿಟ್ಟ ನೀರಿನ ಉಷ್ಣಾಂಶಗಳಿರುತ್ತವೆ. ಇಲ್ಲದ್ದು ನೀರಿನ ಹರಿವು. ಪೈಪಿನ ಹೊರಮೈಗೆ ಅಲ್ಟ್ರಾಸಾನಿಕ್ ಹರಿವು ಮಾಪಕ ಹಚ್ಚಿ, ಉಷ್ಣಾಂಶಗಳನ್ನು ಸ್ವತಃ ಅಳೆದು, ಲಾಗರಿನ ಕಿಲೋವ್ಯಾಟ್‌ನೊಂದಿಗೆ ಸೇರಿಸಿದರೆ ಟನ್ನಿಗೆ 0.74 ಬಂತು ಎಂದಿಟ್ಟುಕೊಳ್ಳಿ. ಈ ಅಳತೆಯಲ್ಲೂ ಸಂಶಯವಿದೆ. ಒಳಹೊರ ನೀರಿನ ನಡುವೆ 5 ಡಿಗ್ರಿ ಅಂತರವಿದ್ದು ಅದರಲ್ಲಿ 0.2 ಡಿಗ್ರಿ ತಪ್ಪಿದರೆ ಅದೇ ಶೇಕಡಾ 4. ಹಾಗಾಗಿ ನಿಜವಾದ ಮೌಲ್ಯ 0.71ರಿಂದ 0.77ರ ನಡುವೆ ಎಲ್ಲಾದರೂ ಇರಬಹುದು. ಹರಿವಿನ ತಪ್ಪನ್ನೂ ಸೇರಿಸಿದರೆ ವ್ಯಾಪ್ತಿ ಇನ್ನೂ ಸ್ವಲ್ಪ ಹಿಗ್ಗುತ್ತದೆ. 0.74ರಿಂದ 0.56ಕ್ಕೆ ಇಳಿದರೆ ಉಳಿತಾಯ 78,000 ಯೂನಿಟ್. ಉಷ್ಣಾಂಶದ ಸಂಶಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 68,000ದಿಂದ 88,000. ಮೊದಲಿದ್ದ ವ್ಯಾಪ್ತಿ ಲಕ್ಷ ದಾಟಿತ್ತು, ಈಗ 20,000ಕ್ಕೆ ಬಂದಿದೆ. ಈ ಕಿರಿದಾಗುವಿಕೆಯಲ್ಲಿ ಬಿಲ್ಲುಗಳ ಸೂಚ್ಯಂಕದ ಪಾಲು ಏನೂ ಇಲ್ಲ.

ಚಿಲ್ಲರನ್ನೇ ನೇರವಾಗಿ ಅಳೆದ ಮೇಲೆ ಎನರ್ಜಿಪ್ಲಸ್ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಚಿಲ್ಲರ್ ಒಂದನ್ನೇ ಬದಲಿಸುವುದಾದರೆ ಬೇಡ ಎನ್ನುತ್ತೇನೆ. ಐಪಿಎಂವಿಪಿಯ ‘ಆಯ್ಕೆ ಬಿ’ಯಂತೆ ಆ ಉಪಕರಣಕ್ಕೆ ಮಾತ್ರ ಹಿಂದೆಯೂ ಮುಂದೆಯೂ ಮೀಟರ್ ಕಟ್ಟಿದರೆ ಸಾಕು. ಮಾದರಿ ಬೇಕಾಗುವುದು ಹಲವು ಬದಲಾವಣೆಗಳು ಒಟ್ಟಿಗೆ ನಡೆದಾಗ. ಹವಾನಿಯಂತ್ರಿತ ಜಾಗದ ದೀಪಗಳನ್ನು ಎಲ್‌ಇಡಿಗೆ ಬದಲಿಸಿ ವರ್ಷಕ್ಕೆ 60,000 ಯೂನಿಟ್ ಉಳಿಸಿದರೆ, ಅಷ್ಟೂ ಶಾಖ ಚಿಲ್ಲರಿನ ಮೇಲಿಂದ ಇಳಿಯುತ್ತದೆ. ಹಳೆಯ ಚಿಲ್ಲರಿನಲ್ಲಿ ಅದರ ಬೆಲೆ ಸುಮಾರು 12,600 ಯೂನಿಟ್, ಹೊಸದರಲ್ಲಿ 9,600. ಎರಡು ಕೆಲಸಗಳನ್ನೂ ಬೇರೆ ಬೇರೆಯಾಗಿ ಹಳೆಯ ಕಟ್ಟಡದ ಮೇಲೆ ಲೆಕ್ಕಹಾಕಿ ಕೂಡಿಸಿದವರು 3,000 ಯೂನಿಟ್ಟುಗಳನ್ನು ಎರಡು ಬಾರಿ ಎಣಿಸಿರುತ್ತಾರೆ. ಗಾಜಿನ ಫಿಲ್ಮ್, ವೇಗ ಬದಲಿಸುವ ಪಂಪುಗಳೂ ಸೇರಿದರೆ ಕೈಲೆಕ್ಕ ಕೈಬಿಡುತ್ತದೆ. ಆಗ ಅಳತೆಗೆ ಕಟ್ಟಿಹಾಕಿದ ಮಾದರಿಯೇ ಸರಿಯಾದ ಸಾಧನ.

ಕಟ್ಟಿಹಾಕುವುದರಲ್ಲೂ ಒಂದು ಶಿಸ್ತು ಬೇಕು. ಬಿಲ್ಲು ಹೊಂದದಿದ್ದಾಗ ಅನೇಕರು ಪ್ಲಗ್ ಹೊರೆಯನ್ನೋ ಗಾಳಿ ಸೋರಿಕೆಯನ್ನೋ ಎಳೆದು ಸರಿದೂಗಿಸುತ್ತಾರೆ, ಏಕೆಂದರೆ ಅವನ್ನು ಯಾರೂ ಅಳೆದಿಲ್ಲ, ಯಾರೂ ಪ್ರಶ್ನಿಸಲಾರರು. ಪ್ರತಿ ಬದಲಾವಣೆಯ ಎದುರಿಗೂ ಅದರ ಆಧಾರವನ್ನು ಬರೆಯುವ ಪದ್ಧತಿಯಿದ್ದರೆ ಇಂಥ ಎಳೆದಾಟ ಕಣ್ಣಿಗೆ ಬೀಳುತ್ತದೆ: ಇದು ಲಾಗರಿನಿಂದ, ಇದು ಲಾಗ್‌ಬುಕ್‌ನಿಂದ, ಇದು ಸ್ಥಳದಲ್ಲಿ ಎಣಿಸಿದ್ದು, ಇದು ಬರೀ ಊಹೆ. ಕೊನೆಯ ಗುಂಪಿನ ಸಂಖ್ಯೆಗಳನ್ನು ಅವುಗಳ ಸಾಧ್ಯ ವ್ಯಾಪ್ತಿಯೊಳಗೆ ಮೇಲೆ ಕೆಳಗೆ ಸರಿಸಿ ಮಾದರಿಯನ್ನು ಮತ್ತೆ ಓಡಿಸಿದಾಗ ಉಳಿತಾಯ ಎಷ್ಟು ಅಲುಗುತ್ತದೆ ಎಂಬುದೇ ಹಣ ಹೂಡುವವರು ತಿಳಿಯಬೇಕಾದ ಸಂಖ್ಯೆ.

ಹಾಗಾದರೆ ನಮ್ಮ ಕಟ್ಟಡದ ವರದಿಯಲ್ಲಿ ಹಕ್ಕು ಮಂಡನೆ ಹೀಗಿರಬೇಕು. ಚಿಲ್ಲರ್ ಬದಲಾವಣೆಯಿಂದ ವರ್ಷಕ್ಕೆ 78,000 ಯೂನಿಟ್, ವ್ಯಾಪ್ತಿ 68,000ದಿಂದ 88,000, ಕ್ಯಾಲಿಬ್ರೇಷನ್ ವರ್ಷದ ಹವಾಮಾನದಲ್ಲಿ. ‘ಮಾದರಿ ವರ್ಷ’ದ ಹವಾಮಾನಕ್ಕೆ ಹೊಂದಿಸಿದ ಸಂಖ್ಯೆ ಬೇಕಾದರೆ, ಹಳೆಯ ಮತ್ತು ಹೊಸ ಎರಡೂ ಮಾದರಿಗಳನ್ನು ಅದೇ ಕಡತದೊಂದಿಗೆ ಮತ್ತೆ ಓಡಿಸಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ಕೊಡಬೇಕು. ಆ 78,000 ಒಟ್ಟು ಬಳಕೆಯ ಶೇಕಡಾ 5 ಮಾತ್ರ. ಮಾಸಿಕ ಬಿಲ್ಲುಗಳಲ್ಲಿ ಉಳಿತಾಯವನ್ನು ನೇರವಾಗಿ ಕಾಣಬೇಕಾದರೆ ಅದು ಸಾಮಾನ್ಯವಾಗಿ ಶೇಕಡಾ 10 ಮೀರಬೇಕೆಂದು ಐಪಿಎಂವಿಪಿ ಹೇಳುತ್ತದೆ. ಆದ್ದರಿಂದ ಮುಂದಿನ ವರ್ಷದ ಬಿಲ್ಲು ಇಳಿಯಲಿಲ್ಲವೆಂದು ಮಾಲೀಕರು ಬಂದು ಕೇಳುವ ಸಾಧ್ಯತೆಯಿದೆ: ಒಂದು ಮಹಡಿಗೆ ಹೊಸ ಬಾಡಿಗೆದಾರರು ಬಂದರೂ ಸಾಕು, ಆ 5 ಕಾಣದಂತಾಗುತ್ತದೆ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರೆದಿಡಬೇಕು, ಮತ್ತು ಹೊಸ ಚಿಲ್ಲರಿನ ಪ್ಯಾನೆಲ್ಲಿಗೆ ಶಾಶ್ವತ ಮೀಟರ್ ಕೂರಿಸುವ ಖರ್ಚನ್ನು ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಬೇಕು.